ಫೋಟೋ ಬಂದಿಲ್ಲ, ಪ್ಯಾಕೆಟ್ ಹಿಂದಿನ ಪಟ್ಟಿ ಟೈಪ್ ಮಾಡಿ ಹಾಕಬೇಕು: ಹೇಗೆ? (ಹಾಲಿನ ಅಲರ್ಜಿ, ಸಿಂಧನೂರು)

ಸುಮಾ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ. ಹಾಲಿನ ಅಲರ್ಜಿ ಇದೆ ಅಂತ ರಾಯಚೂರಿನಲ್ಲಿ ಡಾಕ್ಟರ್ ಹೇಳಿದ್ದಾರೆ. ಹಾಲು, ಮೊಸರು, ತುಪ್ಪ, ಪೇಡೆ ಯಾವುದನ್ನೂ ಕೊಡುವುದಿಲ್ಲ. ನಿನ್ನೆ ಅವನ ಸೋದರಮಾವ ಬಸ್ ಸ್ಟ್ಯಾಂಡಿನಿಂದ ಮೆಕ್ಕೆಜೋಳದ ಖಾರ ಪಫ್ ತಂದಿದ್ದಾನೆ. ಟೊಮೆಟೊ ಮಸಾಲೆ ರುಚಿಯದು. ಪ್ಯಾಕೆಟ್ ಹಿಂದಿನ ಫೋಟೋ ಹಾಕಿದ್ದೇನೆ. ಇದರಲ್ಲಿ ಹಾಲು ಇದೆಯಾ ನೋಡಿ ಹೇಳಿ. ಹುಡುಗ ಆ ಪ್ಯಾಕೆಟ್ ಕೈಯಿಂದ ಬಿಡುತ್ತಲೇ ಇಲ್ಲ.

ಮಂಜು, ಮಾನ್ವಿ

ಫೋಟೋ ಕಾಣ್ತಿಲ್ಲ ಅಕ್ಕಾ. ಆದರೆ ಫೋಟೋ ಯಾಕೆ ಬೇಕು? ಪ್ಯಾಕೆಟ್ ಮುಂದೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದೆಯಾ ನೋಡಿ. ಹಸಿರು ಇದ್ದರೆ ಪ್ರಾಣಿಯದು ಏನೂ ಇಲ್ಲ ಅಂತ ಅರ್ಥ. ಆರಾಮಾಗಿ ಕೊಡಿ.

ವಿಜಯಾ, ಬಳ್ಳಾರಿ

ಕೊಡಬೇಡಿ, ಸ್ವಲ್ಪ ತಡೆಯಿರಿ. ಮಂಜು, ಹಸಿರು ಚುಕ್ಕೆ ಮಾಂಸ, ಮೀನು, ಮೊಟ್ಟೆ ಇಲ್ಲ ಅಂತ ಹೇಳುತ್ತದೆ. ಹಾಲಿನ ಬಗ್ಗೆ ಏನೂ ಹೇಳುವುದಿಲ್ಲ. ಪೇಡೆ ಡಬ್ಬಿಯ ಮೇಲೂ ಹಸಿರು ಚುಕ್ಕೆಯೇ ಇರುತ್ತದೆ, ಅಲ್ವಾ?

ಸುಮಾ ಅವರೇ, ಫೋಟೋ ನನಗೂ ಕಾಣುತ್ತಿಲ್ಲ, ಖಾಲಿ ಚೌಕ ಬಂದಿದೆ. ನೆಟ್‌ವರ್ಕ್ ಸರಿ ಇದ್ದಾಗ ಮತ್ತೆ ಹಾಕಿ. ಅಲ್ಲಿಯವರೆಗೆ ಪಟ್ಟಿಯನ್ನು ಟೈಪ್ ಮಾಡಿ.

ಸುಮಾ, ಸಿಂಧನೂರು

ತವರುಮನೆ ಹಳ್ಳಿಯಲ್ಲಿ ಇದ್ದೇನೆ, ಇಲ್ಲಿ ಫೋಟೋ ಹೋಗುವುದೇ ಇಲ್ಲ. ಟೈಪ್ ಮಾಡುತ್ತೇನೆ.

ಕಾರ್ನ್ ಮೀಲ್, ವೆಜಿಟಬಲ್ ಆಯಿಲ್, ರೈಸ್ ಮೀಲ್, ಗ್ರಾಮ್ ಮೀಲ್, ಮಸಾಲೆ, ಸಕ್ಕರೆ, ಉಪ್ಪು, ಟೊಮೆಟೊ ಪುಡಿ, ಆಮೇಲೆ ಕೆಲವು ನಂಬರ್‌ಗಳು ಇವೆ. ಹಾಲು ಅಂತ ಎಲ್ಲೂ ಕಾಣಲಿಲ್ಲ.

ಶರಣಪ್ಪ, ಕುಷ್ಟಗಿ

ಸಕ್ಕರೆ ಅಂತ ಬರೆದಿದ್ದಾರಲ್ಲ ತಂಗಿ, ಅಲ್ಲೇ ತೊಂದರೆ. ನನಗೂ ಶುಗರ್ ಇದೆ. ಖಾರದ ತಿಂಡಿಯಲ್ಲೂ ಸಕ್ಕರೆ ಹಾಕುತ್ತಾರೆ ಅಂತ ಈಗ ಗೊತ್ತಾಯ್ತು. ಇಷ್ಟು ಸಣ್ಣ ಮಗುವಿಗೆ ಶುಗರ್ ಬಂದಿದೆ ಅಂದರೆ ಪಥ್ಯ ಗಟ್ಟಿ ಮಾಡಬೇಕು. ನವಣೆ ಅನ್ನ ಮಾಡಿ ಕೊಡಿ.

ಸುಮಾ, ಸಿಂಧನೂರು

ಕಾಕಾ, ಅವನಿಗೆ ಶುಗರ್ ಇಲ್ಲ. ಹಾಲು ಆಗುವುದಿಲ್ಲ. ಹಾಲು ಬಿದ್ದರೆ ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ.

ಶರಣಪ್ಪ, ಕುಷ್ಟಗಿ

ಓ ಹಾಗಾ. ಕನ್ನಡಕ ಹಾಕದೆ ಓದಿದೆ. ನಡೀಲಿ.

ವಿಜಯಾ, ಬಳ್ಳಾರಿ

ಸುಮಾ ಅವರೇ, ಈಗ ಹಾಕಿದ ಪಟ್ಟಿ ನೋಡಿ ನಾನು ಹೌದು ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಯಾಕೆ ಅಂತ ಹೇಳುತ್ತೇನೆ. ನಾನು ಕೆಲವು ವರ್ಷ ಕುರುಕಲು ತಿಂಡಿ ಮಾಡುವ ಒಂದು ಕಂಪನಿಯಲ್ಲಿ ಲೇಬಲ್ ಪ್ರಿಂಟ್‌ಗೆ ಹೋಗುವ ಮೊದಲು ತಾಳೆ ನೋಡುವ ಕೆಲಸದಲ್ಲಿದ್ದೆ. ಈ ತರದ ತಿಂಡಿಗಳಲ್ಲಿ ಹಾಲು ಇದ್ದರೆ ಅದು ಹಿಟ್ಟಿನಲ್ಲಿ ಇರುವುದು ಕಮ್ಮಿ. ಮೇಲೆ ಉದುರಿಸುವ ಮಸಾಲೆಯಲ್ಲೇ ಇರುತ್ತದೆ. ಆ ಮಸಾಲೆ ಫ್ಯಾಕ್ಟರಿಗೆ ಬೇರೆಯವರಿಂದ ಸಿದ್ಧವಾಗಿಯೇ ಬರುತ್ತದೆ. ಅದಕ್ಕೆ ಲೇಬಲ್ ಮೇಲೆ ‘ಸೀಸನಿಂಗ್’ ಅಂತ ಬರೆದು, ಅದರೊಳಗೆ ಏನೇನಿದೆ ಅಂತ ಬ್ರಾಕೆಟ್‌ನಲ್ಲಿ ಹಾಕಿರುತ್ತಾರೆ. ಚೀಲದೊಳಗೆ ಇನ್ನೊಂದು ಚೀಲ ಇದ್ದ ಹಾಗೆ. ನೀವು ‘ಮಸಾಲೆ’ ಅಂತ ಒಂದೇ ಮಾತು ಬರೆದಾಗ ಒಳಗಿನ ಚೀಲ ಬಿಚ್ಚಲೇ ಇಲ್ಲ.

ಇನ್ನೊಂದು ಸಲ ಮಾಡಿ, ಹೀಗೆ. ತಿಂಡಿಯನ್ನು ಡಬ್ಬಿಗೆ ಸುರಿದುಬಿಡಿ, ಅದು ಮಗನ ಕೈಗೆ ಸಿಗದಂತೆ ಇಡಿ. ಪ್ಯಾಕೆಟ್ ಹಿಂದೆ ಉದ್ದಕ್ಕೆ ಒಂದು ಅಂಟಿಸಿದ ಅಂಚು ಇರುತ್ತದೆ. ಅದರ ಪಕ್ಕದಲ್ಲಿ ಕತ್ತರಿಯಿಂದ ಸೀಳಿ ಪ್ಯಾಕೆಟನ್ನು ಹಾಳೆಯ ಹಾಗೆ ಬಿಡಿಸಿ. ಒಳಗಿನ ಎಣ್ಣೆ ಒರೆಸಿ. ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ‘ಇಂಗ್ರೀಡಿಯೆಂಟ್ಸ್’ ಅನ್ನುವ ಮಾತಿನಿಂದ ಶುರು ಮಾಡಿ. ಒಬ್ಬರು ಓದಲಿ, ಒಬ್ಬರು ಬರೆಯಲಿ. ಒಂದು ಅಲ್ಪವಿರಾಮ ಬರುವ ತನಕ ಓದಿ, ಬರೆದು, ಆಮೇಲೆ ಮುಂದಿನದು. ಬ್ರಾಕೆಟ್ ತೆರೆದರೆ ‘ಬ್ರಾಕೆಟ್ ಶುರು’ ಅಂತ, ಮುಗಿದರೆ ‘ಬ್ರಾಕೆಟ್ ಮುಗೀತು’ ಅಂತ ಬಾಯಿಬಿಟ್ಟು ಹೇಳಬೇಕು. ಚೌಕದ ಬ್ರಾಕೆಟ್ ಇದ್ದರೆ ಚೌಕದ್ದೇ ಹಾಕಿ. ನಂಬರ್, ಶೇಕಡಾ, ನಕ್ಷತ್ರದ ಗುರುತು ಏನನ್ನೂ ಬಿಡಬೇಡಿ. ಕನ್ನಡ ಅಕ್ಷರದಲ್ಲೇ ಬರೆಯಿರಿ, ಪರವಾಗಿಲ್ಲ, ಆದರೆ ಪ್ಯಾಕೆಟ್ ಮೇಲಿನ ಮಾತನ್ನು ಹಾಗೇ ಬರೆಯಿರಿ, ನಿಮ್ಮ ಮಾತಿಗೆ ತಿರುಗಿಸಬೇಡಿ.

ಮುಖ್ಯವಾದದ್ದು ಇದು. ಎಲ್ಲಾದರೂ ಓದಲು ಆಗದಿದ್ದರೆ ಅಂದಾಜು ಮಾಡಬೇಡಿ. ಅಲ್ಲಿ ‘ಓದಲಾಗುತ್ತಿಲ್ಲ’ ಅಂತ ಬರೆದು ಮುಂದೆ ಹೋಗಿ.

ಮಂಜು, ಮಾನ್ವಿ

ಇಷ್ಟೆಲ್ಲ ಯಾಕೆ? ಆನ್‌ಲೈನ್ ಅಂಗಡಿಯಲ್ಲಿ ಆ ಪ್ಯಾಕೆಟ್ ಹೆಸರು ಹೊಡೆದರೆ ಪಟ್ಟಿ ಬರುತ್ತದೆ. ಅಲ್ಲಿಂದ ಕಾಪಿ ಮಾಡಿ ಹಾಕಿದರೆ ಆಯ್ತು. ಮತ್ತೆ ಒಂದು ಮಾತು, ಪಟ್ಟಿ ಯಾವಾಗಲೂ ಜಾಸ್ತಿ ಇರುವುದರಿಂದ ಕಮ್ಮಿ ಇರುವುದಕ್ಕೆ ಬರುತ್ತದೆ. ಮೊದಲ ನಾಲ್ಕರಲ್ಲಿ ಹಾಲು ಇಲ್ಲ ಅಂದರೆ, ಇದ್ದರೂ ಚಿಟಿಕೆ ಇರುತ್ತದೆ ಅಷ್ಟೆ.

ವಿಜಯಾ, ಬಳ್ಳಾರಿ

ಪಟ್ಟಿಯ ಕ್ರಮದ ಬಗ್ಗೆ ಹೇಳಿದ್ದು ಸರಿ. ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರಬೇಕು, ಅದು ನಿಯಮವೇ. ಶರಣಪ್ಪ ಕಾಕಾ ಅವರಿಗೆ ಸಕ್ಕರೆ ಎಷ್ಟು ಅಂತ ನೋಡಲು ಅದು ಉಪಯೋಗ. ಆದರೆ ಅಲರ್ಜಿಗೆ ಆ ಲೆಕ್ಕ ನಡೆಯುವುದಿಲ್ಲ. ಕೆಲವು ಮಕ್ಕಳಿಗೆ ಚಿಟಿಕೆಯೇ ಸಾಕು ತುಟಿ ಊದಲು. ಆದ್ದರಿಂದ ಪಟ್ಟಿಯ ಬಾಲವನ್ನೇ ಮೊದಲು ನೋಡಬೇಕಾಗುತ್ತದೆ.

ಆನ್‌ಲೈನ್ ಪಟ್ಟಿ ಬೇಡ. ಅಲ್ಲಿ ಹಾಕಿದ್ದು ಯಾವಾಗಿನ ಪ್ಯಾಕೆಟ್ಟಿನದು ಅಂತ ಯಾರಿಗೂ ಗೊತ್ತಿಲ್ಲ. ಮಸಾಲೆ ಬದಲಾಗಿ, ಕವರ್ ಹೊಸದಾಗಿ ಬಂದರೂ ವೆಬ್‌ಸೈಟಿನಲ್ಲಿ ಹಳೇ ಚಿತ್ರವೇ ಕೂತಿರುತ್ತದೆ. ಕೈಯಲ್ಲಿರುವ ಪ್ಯಾಕೆಟ್ ಏನು ಹೇಳುತ್ತದೋ ಅದು ಬೇಕು.

ಸುಮಾ, ಸಿಂಧನೂರು

ತಂಗಿ ಓದಿದಳು, ನಾನು ಬರೆದೆ. ವಿಜಯಾ ಅಕ್ಕ ಹೇಳಿದ ಹಾಗೇ ಮಾಡಿದ್ದೇವೆ. ನೋಡಿ.

ಇಂಗ್ರೀಡಿಯೆಂಟ್ಸ್: ಕಾರ್ನ್ ಮೀಲ್ (44%), ಎಡಿಬಲ್ ವೆಜಿಟಬಲ್ ಆಯಿಲ್ (ಪಾಮೊಲಿನ್), ರೈಸ್ ಮೀಲ್ (71%), ಗ್ರಾಮ್ ಮೀಲ್ (8%), ಸೀಸನಿಂಗ್ [*ಸ್ಪೈಸಸ್ ಆ್ಯಂಡ್ ಕಾಂಡಿಮೆಂಟ್ಸ್ (ಆನಿಯನ್ ಪೌಡರ್, ಚಿಲ್ಲಿ ಪೌಡರ್, ಕೊರಿಯಾಂಡರ್ ಪೌಡರ್, ಗಾರ್ಲಿಕ್ ಪೌಡರ್), ಶುಗರ್, ಅಯೋಡೈಸ್ಡ್ ಸಾಲ್ಟ್, ಮಾಲ್ಟೊಡೆಕ್ಸ್‌ಟ್ರಿನ್, ಟೊಮೆಟೊ ಪೌಡರ್, ಓದಲಾಗುತ್ತಿಲ್ಲ ಸಾಲಿಡ್ಸ್, ಅಸಿಡಿಟಿ ರೆಗ್ಯುಲೇಟರ್ಸ್ (330, 296), ಫ್ಲೇವರ್ ಎನ್‌ಹಾನ್ಸರ್ಸ್ (627, 631), ಆ್ಯಂಟಿಕೇಕಿಂಗ್ ಏಜೆಂಟ್ (551)], ಸಾಲ್ಟ್.

‘ಸಾಲಿಡ್ಸ್’ಗಿಂತ ಮೊದಲಿನ ಮಾತು ಅಂಟಿಸಿದ ಅಂಚಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದೆ. ಟೊಮೆಟೊ ಪೌಡರ್ ಪಕ್ಕದಲ್ಲೇ ಇದೆ, ಆದ್ದರಿಂದ ಟೊಮೆಟೊ ಸಾಲಿಡ್ಸ್ ಇರಬೇಕು ಅನ್ನುತ್ತಾಳೆ ತಂಗಿ.

ಮಂಜು, ಮಾನ್ವಿ

631! ಅದು ಹಂದಿ ಕೊಬ್ಬು ಅಂತ ವಾಟ್ಸಾಪ್‌ನಲ್ಲಿ ಎಷ್ಟು ಸಲ ಬಂದಿದೆ. ಮುಟ್ಟಲೇಬೇಡಿ.

ವಿಜಯಾ, ಬಳ್ಳಾರಿ

ಮಂಜು, 631 ಕೊಬ್ಬು ಅಲ್ಲ. ರುಚಿ ಏರಿಸಲು ಹಾಕುವ ಒಂದು ಉಪ್ಪಿನಂಥ ಪುಡಿ, 627 ಜೊತೆ ಜೋಡಿಯಾಗಿ ಬರುತ್ತದೆ. ಅದನ್ನು ಮಾಂಸ, ಮೀನಿನಿಂದಲೂ ತೆಗೆಯಬಹುದು, ಹುದುಗಿಸಿಯೂ ಮಾಡಬಹುದು. ಯಾವುದರಿಂದ ಅಂತ ನಂಬರ್ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ನೀನು ಹೇಳಿದ ಹಸಿರು ಚುಕ್ಕೆ ನೋಡಬೇಕು. ಈ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಹಾಲಿನ ಪ್ರಶ್ನೆಗೆ ಕೊಡುವುದಿಲ್ಲ.

ಸುಮಾ ಅವರೇ, ಚೆನ್ನಾಗಿ ಬರೆದಿದ್ದೀರಿ. ಎರಡು ಜಾಗ ಮತ್ತೆ ನೋಡಿ.

ಒಂದು, ರೈಸ್ ಮೀಲ್ 71 ಇರಲಾರದು. 44ಕ್ಕೆ 71 ಕೂಡಿಸಿದರೆ ನೂರು ದಾಟಿತು. ಪಟ್ಟಿ ಇಳಿಯುತ್ತಾ ಹೋಗಬೇಕಲ್ಲ, ಮೂರನೆಯದು ಮೊದಲನೆಯದಕ್ಕಿಂತ ಜಾಸ್ತಿ ಆಗಲು ಸಾಧ್ಯ ಇಲ್ಲ. 17 ಇರಬೇಕು ಅನಿಸುತ್ತದೆ, ಆದರೆ ಪ್ಯಾಕೆಟ್ ನೋಡಿಯೇ ತಿದ್ದಿ. ಟೈಪ್ ಮಾಡಿದ ಪಟ್ಟಿ ಸರಿ ಇದೆಯಾ ಅಂತ ಫೋಟೋ ಇಲ್ಲದೆ ನೋಡಲು ನಮಗೆ ಇರುವ ದಾರಿಗಳು ಇಂಥವೇ. ಶೇಕಡಾ ಇಳಿಯುತ್ತಿದೆಯಾ, ಒಟ್ಟು ನೂರರೊಳಗೆ ಇದೆಯಾ, ತೆರೆದ ಬ್ರಾಕೆಟ್ ಎಲ್ಲ ಮುಚ್ಚಿದೆಯಾ. ನಿಮ್ಮದರಲ್ಲಿ ಬ್ರಾಕೆಟ್ ಲೆಕ್ಕ ಸರಿ ಇದೆ. ಸೀಸನಿಂಗ್ ಚೌಕದ ಬ್ರಾಕೆಟ್‌ನಲ್ಲಿ ತೆರೆದು 551 ಆದ ಮೇಲೆ ಮುಚ್ಚಿದೆ. ಕೊನೆಯ ಸಾಲ್ಟ್ ಅದರ ಹೊರಗೆ ಇದೆ. ಹಾಗಾಗಿ ಉಪ್ಪು ಎರಡು ಕಡೆ ಬಂದಿದ್ದು ತಪ್ಪಲ್ಲ. ಮಸಾಲೆಯೊಳಗೊಂದು, ಹಿಟ್ಟಿನೊಳಗೊಂದು.

ಎರಡು, ಆ ‘ಸಾಲಿಡ್ಸ್’. ನಿಮ್ಮ ತಂಗಿ ಹೇಳಿದ್ದು ಇರಬಹುದು. ಆದರೆ ಟೊಮೆಟೊ ಪೌಡರ್ ಈಗಾಗಲೇ ಬಂದಿದೆ, ಪಕ್ಕದಲ್ಲೇ ಮತ್ತೆ ಟೊಮೆಟೊ ಸಾಲಿಡ್ಸ್ ಯಾಕೆ ಹಾಕುತ್ತಾರೆ? ಈ ತರದ ಮಸಾಲೆಯಲ್ಲಿ ‘ಸಾಲಿಡ್ಸ್’ ಅಂದಾಗ ನಾನು ಜಾಸ್ತಿ ನೋಡಿದ್ದು ಮಿಲ್ಕ್ ಸಾಲಿಡ್ಸ್. ನಾನು ಅಂದಾಜು ಮಾಡಿದರೂ ಅದು ಅಂದಾಜೇ. ಓದಲಾಗುತ್ತಿಲ್ಲ ಅಂತ ನೀವು ಬರೆದದ್ದರಿಂದ ಅದು ಕಣ್ಣಿಗೆ ಬಿತ್ತು. ಟೊಮೆಟೊ ಅಂತ ತುಂಬಿಸಿದ್ದರೆ ನಾನು ದಾಟಿಬಿಡುತ್ತಿದ್ದೆ.

ಈಗ ಪ್ಯಾಕೆಟ್ ಪೂರ್ತಿ ಬಿಡಿಸಿದ್ದೀರಲ್ಲ, ಪಟ್ಟಿಯ ಕೆಳಗೋ ಪಕ್ಕಕ್ಕೋ ‘ಕಂಟೇನ್ಸ್’ ಅಂತ ಶುರುವಾಗುವ ಬೇರೆ ಸಾಲು ಇರಬೇಕು. ಕೆಲವು ಸಲ ದಪ್ಪ ಅಕ್ಷರದಲ್ಲಿ ಇರುತ್ತದೆ, ಕೆಲವು ಸಲ ಪೌಷ್ಟಿಕಾಂಶದ ಕೋಷ್ಟಕದ ಹತ್ತಿರ ಹೋಗಿ ಕೂತಿರುತ್ತದೆ. ಅಂಗಡಿಯವರು ಬೆಲೆ ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನೂ ಕಿತ್ತು ನೋಡಿ. ನಕ್ಷತ್ರದ ಗುರುತಿಗೆ ಕೆಳಗೆ ಏನು ಬರೆದಿದ್ದಾರೆ ಅದನ್ನೂ ಹಾಕಿ.

ಲಕ್ಷ್ಮಿ, ಕೊಪ್ಪಳ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಆ ‘ಕಂಟೇನ್ಸ್’ ಸಾಲು ಎಲ್ಲರೂ ಹಾಕಲೇಬೇಕಾ? ನಮ್ಮ ಓಣಿಯ ಹೆಂಗಸರು ಸೇರಿ ಶೇಂಗಾ ಚಟ್ನಿ ಪುಡಿ ಮಾಡುತ್ತೇವೆ. ಪ್ಯಾಕೆಟ್ ಮೇಲೆ ಚೀಟಿ ಅಂಟಿಸುತ್ತೇವೆ. ಬೆಂಗಳೂರಿನಿಂದ ಒಬ್ಬರು ಫೋಟೋ ಕೇಳಿದರು, ಚೀಟಿ ಎಣ್ಣೆ ಹಿಡಿದು ಅಕ್ಷರ ಹೋಗಿತ್ತು. ಟೈಪ್ ಮಾಡಿ ಕಳಿಸಿ ಅಂದಿದ್ದಾರೆ.

ವಿಜಯಾ, ಬಳ್ಳಾರಿ

ಹಾಕಬೇಕು ಲಕ್ಷ್ಮಿ ಅವರೇ. 2020ರ ಲೇಬಲ್ ನಿಯಮದಲ್ಲಿ ಕೆಲವು ಪದಾರ್ಥಗಳನ್ನು ಹೆಸರಿಸಿದ್ದಾರೆ. ಗೋಧಿಯಂಥ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂಥ ಬೀಜ, ಸೋಯಾ, ಆಮೇಲೆ ಸಲ್ಫೈಟ್ ಒಂದು ಮಟ್ಟಕ್ಕಿಂತ ಜಾಸ್ತಿ ಇದ್ದರೆ ಅದು. ಇವು ಇದ್ದರೆ ಬೇರೆಯಾಗಿ ಹೇಳಬೇಕು. ನಮ್ಮ ಕಡೆ ಎಲ್ಲದಕ್ಕೂ ಹಾಕುವ ಎಳ್ಳು, ಸಾಸಿವೆ ಈ ಸಾಲಿನಲ್ಲಿ ಬರುವುದಿಲ್ಲ. ಅವು ಆಗದವರು ಮೇಲಿನ ಉದ್ದ ಪಟ್ಟಿಯನ್ನೇ ಓದಬೇಕು, ಅಲ್ಲಿ ‘ಸ್ಪೈಸಸ್’ ಅಂತ ಒಂದೇ ಮಾತು ಇದ್ದರೆ ಕಂಪನಿಗೆ ಫೋನ್ ಮಾಡುವುದು ಬಿಟ್ಟು ದಾರಿಯಿಲ್ಲ.

ನಿಮ್ಮ ಚಟ್ನಿ ಪುಡಿಗೆ ಏನೇನು ಹಾಕುತ್ತೀರಿ?

ಲಕ್ಷ್ಮಿ, ಕೊಪ್ಪಳ

ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆ, ಸ್ವಲ್ಪ ಬೆಲ್ಲ, ಚೂರು ಇಂಗು. ಇಷ್ಟೇ. ಗುರೆಳ್ಳು ಪುಡಿಯನ್ನೂ ಅದೇ ಮಿಕ್ಸರ್‌ನಲ್ಲಿ ಮಾಡುತ್ತೇವೆ.

ವಿಜಯಾ, ಬಳ್ಳಾರಿ

ಇಂಗಿನ ಡಬ್ಬಿ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಇಂಗು ಬಹುಪಾಲು ಬರೀ ಇಂಗಲ್ಲ. ಗೋಂದು, ಜೊತೆಗೆ ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ ಸೇರಿಸಿದ್ದು. ಗೋಧಿ ಇದ್ದರೆ ನಿಮ್ಮ ಚಟ್ನಿ ಪುಡಿಯೂ ‘ಶೇಂಗಾ ಮತ್ತು ಗೋಧಿ ಇದೆ’ ಅಂತ ಹೇಳಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಬೇರೆ ಬೇರೆ ಪದಾರ್ಥ ಸೇರಿಸಿ ಮಾಡಿದ ಇಂಥ ವಸ್ತು ಒಟ್ಟು ತಿಂಡಿಯ ಶೇಕಡಾ 5ಕ್ಕಿಂತ ಕಮ್ಮಿ ಇದ್ದರೆ, ಅದರ ಒಳಗಿನ ಪಟ್ಟಿಯನ್ನು ಬ್ರಾಕೆಟ್‌ನಲ್ಲಿ ಬಿಡಿಸಿ ಬರೆಯಲೇಬೇಕು ಅಂತಿಲ್ಲ. ಅದರಲ್ಲಿ ನಂಬರ್ ಇರುವಂಥ ಸೇರ್ಪಡೆಗಳಿದ್ದರೆ ಅವನ್ನು ಮಾತ್ರ ಹೇಳಬೇಕು. ಅಂದರೆ ಬ್ರಾಕೆಟ್ ಇಲ್ಲ ಅಂದಾಕ್ಷಣ ಒಳಗೆ ಏನೂ ಇಲ್ಲ ಅಂತ ತಿಳಿಯಬಾರದು. ಅದಕ್ಕೇ ಸುಮಾ ಅವರಿಗೆ ಆ ಕೆಳಗಿನ ಸಾಲು ಹುಡುಕಿ ಅಂದದ್ದು. ಪಟ್ಟಿ ಎಷ್ಟೇ ಚೆನ್ನಾಗಿ ಟೈಪ್ ಮಾಡಿದರೂ ಆ ಸಾಲು ಬಿಟ್ಟುಹೋದರೆ ನಾನು ಓದಿ ಹೇಳುವುದಿಲ್ಲ.

ಸುಮಾ, ಸಿಂಧನೂರು

ಸಿಕ್ಕಿತು ಅಕ್ಕಾ! ಅದು ಪಟ್ಟಿಯ ಹತ್ತಿರ ಇರಲೇ ಇಲ್ಲ. ಇನ್ನೊಂದು ಬದಿಯಲ್ಲಿ, ಕೋಷ್ಟಕದ ಕೆಳಗೆ, ಹಳದಿ ಬಣ್ಣದ ಮೇಲೆ ಬಿಳಿ ಅಕ್ಷರ. ತಂಗಿಯ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು.

ಕಂಟೇನ್ಸ್ ಮಿಲ್ಕ್. ಮೇ ಕಂಟೇನ್ ವೀಟ್, ಸೋಯ್.

ನಕ್ಷತ್ರದ ಗುರುತಿಗೆ: *ಯೂಸ್ಡ್ ಆ್ಯಸ್ ಫ್ಲೇವರಿಂಗ್ ಏಜೆಂಟ್ಸ್.

ರೈಸ್ ಮೀಲ್ 17 ಅಂತಲೇ ಇದೆ. ತಂಗಿ ಸರಿಯಾಗಿಯೇ ಓದಿದ್ದಳು, ಟೈಪ್ ಮಾಡುವಾಗ ತಿರುಗುಮುರುಗು ಆಗಿದೆ.

ವಿಜಯಾ, ಬಳ್ಳಾರಿ

ಹಾಗಾದರೆ ಹಾಲು ಇದೆ. ಕೊಡಬೇಡಿ. ಆ ಮಡಿಕೆಯೊಳಗಿನ ಮಾತು ಏನೇ ಇರಲಿ, ಈ ಪ್ಯಾಕೆಟ್‌ಗೆ ಉತ್ತರ ಸಿಕ್ಕಿತು.

ಬಸವರಾಜ, ಗಂಗಾವತಿ

ನನ್ನದು ಕಿರಾಣಿ ಅಂಗಡಿ. ನೀವು ಹೇಳುವುದು ಯಾವ ಪಫ್ ಅಂತ ಗೊತ್ತಾಯ್ತು ಅನಿಸುತ್ತದೆ, ನನ್ನ ಹತ್ತಿರವೂ ಹತ್ತು ರೂಪಾಯಿದು ಇದೆ. ಅದೇ ಕಂಪನಿ, ಅದೇ ರುಚಿ. ಈಗಷ್ಟೇ ತೆಗೆದು ಓದಿದೆ. ಇದರಲ್ಲಿ ಸೀಸನಿಂಗ್ ಒಳಗೆ ಟೊಮೆಟೊ ಪೌಡರ್ ಆದ ಮೇಲೆ ನೇರ ಅಸಿಡಿಟಿ ರೆಗ್ಯುಲೇಟರ್ ಬರುತ್ತದೆ. ಸಾಲಿಡ್ಸ್ ಅನ್ನುವ ಮಾತೇ ಇಲ್ಲ. ಕೆಳಗಿನ ಸಾಲು: ಮೇ ಕಂಟೇನ್ ಮಿಲ್ಕ್, ವೀಟ್, ಸೋಯ್. ಕಂಟೇನ್ಸ್ ಅಂತ ಏನೂ ಇಲ್ಲ.

ಅಕ್ಕಾ, ನೀವು ಓದಿದ್ದು ಸರಿ ಇದೆಯಾ ಮತ್ತೆ ನೋಡಿ.

ಸುಮಾ, ಸಿಂಧನೂರು

ಮೂರು ಜನ ಓದಿದ್ದೇವೆ ಅಣ್ಣಾ. ಕಂಟೇನ್ಸ್ ಮಿಲ್ಕ್ ಅಂತಲೇ ಇದೆ.

ವಿಜಯಾ, ಬಳ್ಳಾರಿ

ಇಬ್ಬರೂ ಸರಿ ಓದಿರಬಹುದು. ಬಸವರಾಜ ಅವರೇ, ಪ್ಯಾಕೆಟ್ ಮೇಲೆ ತಯಾರಿಸಿದವರ ವಿಳಾಸ ಎಷ್ಟು ಇವೆ ನೋಡಿ. ದೊಡ್ಡ ಕಂಪನಿಗಳು ನಾಲ್ಕಾರು ಕಡೆ ಮಾಡಿಸುತ್ತವೆ. ಕೆಲವರು ಎಲ್ಲ ವಿಳಾಸ ಅಚ್ಚು ಹಾಕಿ, ‘ಬ್ಯಾಚ್ ನಂಬರಿನ ಮೊದಲ ಅಕ್ಷರ ನೋಡಿ ಯಾವ ಜಾಗ ಅಂತ ತಿಳಿಯಿರಿ’ ಅಂತ ಬರೆದಿರುತ್ತಾರೆ. ನಿಮ್ಮ ಬ್ಯಾಚ್ ಅಕ್ಷರ, ತಯಾರಿಸಿದ ತಿಂಗಳು, 14 ಅಂಕಿಯ ಲೈಸೆನ್ಸ್ ನಂಬರ್ ಹಾಕಿ. ಸುಮಾ ಅವರೂ ಹಾಕಲಿ.

ಬಸವರಾಜ, ಗಂಗಾವತಿ

ಮೂರು ವಿಳಾಸ ಇವೆ. ನನ್ನದು ಬಿ ಅಕ್ಷರದಿಂದ ಶುರು.

ಸುಮಾ, ಸಿಂಧನೂರು

ನಮ್ಮದು ಡಿ. ತಯಾರಿಸಿದ ತಿಂಗಳೂ ಅಣ್ಣನವರದಕ್ಕಿಂತ ಹೊಸದು. ಲೈಸೆನ್ಸ್ ನಂಬರಿನ ಕೊನೆಯ ಎರಡು ಅಂಕಿ ಮೇಲೆ ತಾರೀಖಿನ ಮಸಿ ಬಿದ್ದಿದೆ, ಅವು ಓದಲಾಗುತ್ತಿಲ್ಲ.

ವಿಜಯಾ, ಬಳ್ಳಾರಿ

ಅಷ್ಟು ಸಾಕು. ಜಾಗವೂ ಬೇರೆ, ತಿಂಗಳೂ ಬೇರೆ. ಮಸಾಲೆ ಬೇರೆಯವರಿಂದ ಬಂದಿರಬಹುದು, ಇಲ್ಲಾ ಈ ನಡುವೆ ಮಸಾಲೆಯನ್ನೇ ಬದಲಿಸಿರಬಹುದು. ಯಾವುದು ಅಂತ ಕಂಪನಿಯವರೇ ಹೇಳಬೇಕು. ಅದಕ್ಕೇ ಪಟ್ಟಿ ಟೈಪ್ ಮಾಡಿ ಹಾಕುವಾಗ ತಲೆಯ ಮೇಲೆ ಮೂರು ಸಂಗತಿ ಬರೆದುಬಿಡಿ: ಪ್ಯಾಕೆಟ್ ತೂಕ, ಬ್ಯಾಚ್, ತಯಾರಿಸಿದ ತಿಂಗಳು. ಇಲ್ಲದಿದ್ದರೆ ನಾಳೆ ಇನ್ನೊಬ್ಬ ತಾಯಿ ಬಸವರಾಜ ಅವರು ಹಾಕಿದ್ದನ್ನು ಓದಿ, ಸುಮಾ ಅವರಂಥ ಪ್ಯಾಕೆಟ್ ತಂದು ಮಗುವಿಗೆ ಕೊಟ್ಟುಬಿಡುತ್ತಾರೆ.

ಮಂಜು, ಮಾನ್ವಿ

ಸರಿ, ಹಾಗಾದರೆ ಬಸವರಾಜ ಅಣ್ಣನ ಪ್ಯಾಕೆಟ್ ಕೊಡಬಹುದಲ್ವಾ? ಅದರಲ್ಲಿ ಹಾಲು ಹಾಕಿಲ್ಲ. ‘ಮೇ ಕಂಟೇನ್’ ಅಂತ ಈಗ ಎಲ್ಲದರ ಮೇಲೂ ಹಾಕುತ್ತಾರೆ, ತಮ್ಮ ತಲೆ ಮೇಲೆ ಬರಬಾರದು ಅಂತ. ಅದನ್ನೆಲ್ಲ ನೋಡುತ್ತಾ ಹೋದರೆ ಮಗುವಿಗೆ ತಿನ್ನಲು ಏನೂ ಉಳಿಯಲ್ಲ.

ವಿಜಯಾ, ಬಳ್ಳಾರಿ

ಎಲ್ಲದರ ಮೇಲೂ ಹಾಕುತ್ತಾರೆ ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ನಾನು ಲೈನ್ ನೋಡಿದ್ದೇನೆ. ಮಸಾಲೆ ಉದುರಿಸುವ ಡ್ರಮ್ ಒಂದೇ. ಬೆಳಿಗ್ಗೆ ಚೀಸ್ ರುಚಿ, ಮಧ್ಯಾಹ್ನ ಟೊಮೆಟೊ ರುಚಿ. ನಡುವೆ ತೊಳೆಯುತ್ತಾರೆ, ಆದರೂ ಪುಡಿ ಪುಡಿಯೇ, ಮೂಲೆಯಲ್ಲಿ ಕೂತಿರುತ್ತದೆ. ‘ಮೇ ಕಂಟೇನ್’ ಅಂದರೆ ಎಷ್ಟು ಇದೆ ಅಂತ ಹೊರಗಿನಿಂದ ಅಳೆಯಲು ಬರುವುದಿಲ್ಲ. ಒಂದು ಪ್ಯಾಕೆಟ್‌ನಲ್ಲಿ ಏನೂ ಇಲ್ಲದಿರಬಹುದು, ಇನ್ನೊಂದರಲ್ಲಿ ಇರಬಹುದು. ತುಟಿ ಊದುವ ಮಗು ಅಂದ ಮೇಲೆ ನಾನು ಕೊಡಿ ಅನ್ನುವುದಿಲ್ಲ. ಡಾಕ್ಟರನ್ನು ಕೇಳಿ, ಅವರಿಗೆ ಆ ಮಗುವಿನ ಹಿಂದಿನದು ಗೊತ್ತಿರುತ್ತದೆ.

ಮಂಜು, ಮಾನ್ವಿ

ನನಗೆ ಇನ್ನೂ ಅದು ಅತಿ ಅನಿಸುತ್ತದೆ. ನಮ್ಮ ಅಪ್ಪನಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಆದರೆ ಮಜ್ಜಿಗೆ ಕುಡಿಯುತ್ತಾರೆ, ಏನೂ ಆಗಲ್ಲ.

ವಿಜಯಾ, ಬಳ್ಳಾರಿ

ನಿಮ್ಮಪ್ಪನದು ಬೇರೆ ತೊಂದರೆ ಇರಬೇಕು ಮಂಜು. ಹಾಲಿನ ಸಕ್ಕರೆ ಕರಗದೆ ಹೊಟ್ಟೆ ಉಬ್ಬರಿಸುವುದು ಒಂದು. ಹಾಲಿನ ಪ್ರೋಟೀನ್‌ಗೆ ಮೈ ತಿರುಗಿಬೀಳುವುದು ಇನ್ನೊಂದು. ಮೊದಲನೆಯದರಲ್ಲಿ ಸ್ವಲ್ಪ ನಡೆಯುತ್ತದೆ. ಎರಡನೆಯದರಲ್ಲಿ ಆ ಧೈರ್ಯ ಮಾಡಬಾರದು. ಪಟ್ಟಿಯಲ್ಲಿ ಹುಡುಕುವ ಹೆಸರುಗಳೂ ಅದಕ್ಕೇ ಜಾಸ್ತಿ. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನ್, ಕೇಸಿನೇಟ್, ಬಟರ್, ಚೀಸ್ ಪೌಡರ್, ಘೀ. ಸುಮಾ ಅವರೇ, ಇವನ್ನು ಒಂದು ಚೀಟಿಯಲ್ಲಿ ಬರೆದು ಸೋದರಮಾವನ ಪರ್ಸಿನಲ್ಲಿ ಇಟ್ಟುಬಿಡಿ.

ಸುಮಾ, ಸಿಂಧನೂರು

ಇಡುತ್ತೇನೆ. ಅವನಿಗೆ ಬೈದದ್ದೂ ಆಯ್ತು ಪಾಪ.

ಇನ್ನೊಂದು ಕೇಳಬೇಕು. ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಒಂದು ರೂಪಾಯಿ ಚಾಕ್ಲೇಟ್ ಕೊಡುತ್ತಾರೆ. ಅದರ ಮೇಲೆ ಪಟ್ಟಿಯೇ ಇರುವುದಿಲ್ಲ. ಟೈಪ್ ಮಾಡುವುದಾದರೂ ಏನನ್ನು?

ಬಸವರಾಜ, ಗಂಗಾವತಿ

ಅದರ ಪಟ್ಟಿ ನಮ್ಮ ಹತ್ತಿರ ಇರುವ ದೊಡ್ಡ ಡಬ್ಬಿ ಮೇಲೆ ಇರುತ್ತದೆ ಅಕ್ಕಾ. ಕೇಳಿದರೆ ತಿರುಗಿಸಿ ತೋರಿಸುತ್ತೇವೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ, ಅದು ಬೇರೆ ಮಾತು. ಡಬ್ಬಿ ಖಾಲಿಯಾದರೆ ಬೇರೆ ಚಾಕ್ಲೇಟನ್ನೂ ಅದೇ ಡಬ್ಬಿಗೆ ತುಂಬುವ ಅಂಗಡಿಗಳಿವೆ. ಹಾಗಾಗಿ ಡಬ್ಬಿಯ ಹೆಸರೂ ಕಾಗದದ ಹೆಸರೂ ಒಂದೇನಾ ನೋಡಿಕೊಳ್ಳಿ.

ವಿಜಯಾ, ಬಳ್ಳಾರಿ

ಹೌದು, ಪ್ಯಾಕೆಟ್ಟಿನ ಮೈ ಒಟ್ಟು 100 ಚದರ ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಅದರ ಮೇಲೆ ಪಟ್ಟಿ ಹಾಕುವುದರಿಂದ ವಿನಾಯಿತಿ ಇದೆ. ಅದನ್ನು ತುಂಬಿ ಬಂದ ದೊಡ್ಡ ಪ್ಯಾಕ್ ಮೇಲೆ ಹಾಕಬೇಕು. ಬಸವರಾಜ ಅವರು ಡಬ್ಬಿ ಬಗ್ಗೆ ಹೇಳಿದ್ದು ನನಗೆ ಹೊಳೆದಿರಲಿಲ್ಲ.

ಶರಣಪ್ಪ, ಕುಷ್ಟಗಿ

ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಇವರು ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಹಾಕಬಾರದು? ನಮ್ಮ ಮನೆಯಾಕೆಗೆ ಕನ್ನಡ ಪೇಪರ್ ಓದಲು ಬರುತ್ತದೆ. ಪ್ಯಾಕೆಟ್ ಓದಲು ಮೊಮ್ಮಗನನ್ನು ಕರೆಯಬೇಕು.

ವಿಜಯಾ, ಬಳ್ಳಾರಿ

ನಿಯಮದಲ್ಲಿ ಇಂಗ್ಲಿಷ್ ಇಲ್ಲಾ ದೇವನಾಗರಿಯಲ್ಲಿ ಹಿಂದಿ ಇರಬೇಕು ಅಂತಿದೆ ಕಾಕಾ. ಕನ್ನಡ ಜೊತೆಗೆ ಹಾಕಬಹುದು, ಆದರೆ ಹಾಕಲೇಬೇಕು ಅಂತಿಲ್ಲ. ಜಾಗ ಇಲ್ಲ ಅನ್ನುತ್ತಾರೆ. ಮುಂದೆ ಕ್ರಿಕೆಟ್ ಆಟಗಾರನ ಫೋಟೋ ಹಾಕಲು ಜಾಗ ಇರುತ್ತದೆ.

ಲಕ್ಷ್ಮಿ, ಕೊಪ್ಪಳ

ನಾವು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕುತ್ತೇವೆ ಬಿಡಿ. ಇಂಗಿನ ಡಬ್ಬಿ ನೋಡಿದೆ, ಗೋಧಿ ಹಿಟ್ಟು ಇದೆ. ಬೆಂಗಳೂರಿನವರಿಗೆ ಹೀಗೆ ಕಳಿಸಲಾ?

ಶೇಂಗಾ ಚಟ್ನಿ ಪುಡಿ, 200 ಗ್ರಾಂ. ಪದಾರ್ಥಗಳು: ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಬೆಲ್ಲ, ಜೀರಿಗೆ, ಇಂಗು (ಗೋಂದು, ಗೋಧಿ ಹಿಟ್ಟು, ಇಂಗು). ಶೇಂಗಾ ಮತ್ತು ಗೋಧಿ ಇದೆ.

ವಿಜಯಾ, ಬಳ್ಳಾರಿ

ಚೆನ್ನಾಗಿದೆ. ಎರಡು ಕೇಳುತ್ತೇನೆ. ಈ ಕ್ರಮ ನೆನಪಿನಿಂದ ಬರೆದದ್ದಾ, ತೂಕ ಮಾಡಿ ಬರೆದದ್ದಾ? ಬೆಳ್ಳುಳ್ಳಿ ಉಪ್ಪಿಗಿಂತ ಜಾಸ್ತಿ ಇದೆಯಾ ಅಂತ ತಕ್ಕಡಿಯಲ್ಲಿ ನೋಡಿ, ಹಾಕುವಾಗಿನ ತೂಕವೇ ಲೆಕ್ಕ. ಇಂಗಿನ ಬ್ರಾಕೆಟ್ ಒಳಗಿನ ಕ್ರಮವನ್ನೂ ಡಬ್ಬಿಯ ಮೇಲೆ ಇರುವ ಹಾಗೇ ಇಡಿ. ಬ್ಯಾಚ್, ತಯಾರಿಸಿದ ದಿನ ಅದರ ಜೊತೆ ಹೋಗಲಿ.

ಲಕ್ಷ್ಮಿ, ಕೊಪ್ಪಳ

ನೆನಪಿನಿಂದಲೇ. ನಾಳೆ ಹುರಿಯುವ ದಿನ, ತೂಕ ಮಾಡಿ ಮತ್ತೆ ಹಾಕುತ್ತೇನೆ. ಈ ಮಿಕ್ಸರ್‌ನಲ್ಲಿ ಗುರೆಳ್ಳು ರುಬ್ಬಿದ್ದನ್ನೂ ಬರೆಯಬೇಕಾ?

ವಿಜಯಾ, ಬಳ್ಳಾರಿ

ನಿಯಮದ ಪಟ್ಟಿಯಲ್ಲಿ ಗುರೆಳ್ಳು ಇಲ್ಲ. ಆದರೆ ಉಲ್ಟಾ ಯೋಚನೆ ಮಾಡಿ. ಗುರೆಳ್ಳು ಪುಡಿ ಪ್ಯಾಕೆಟ್ ಮೇಲೆ ‘ಶೇಂಗಾ ಇರಬಹುದು’ ಅಂತ ಇದೆಯಾ?

ಲಕ್ಷ್ಮಿ, ಕೊಪ್ಪಳ

ಇಲ್ಲ ಅಕ್ಕಾ. ಆ ಚೀಟಿ ಈ ವಾರವಷ್ಟೇ ಪ್ರಿಂಟ್ ಆಗಿ ಬಂದಿದೆ. ಸದ್ಯಕ್ಕೆ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಪಕ್ಕದಲ್ಲಿ ಒತ್ತಿದರೆ ನಡೆಯುತ್ತಾ? ಅಳಿಸಿಹೋಗದ ಮಸಿ ಯಾವುದು ಅಂತ ಗೊತ್ತಿದ್ದವರು ಹೇಳಿ.